ಹೆಸರು ಬದಲಿಸುವ ಅಫಿಡವಿಟ್: ಸ್ಪೆಲಿಂಗ್ ಒಂದೇ ಇರಲಿ

ಪುಟ್ಟಮ್ಮ ಅನ್ನೋ ಹೆಸರನ್ನು ಪೂರ್ಣಿಮಾ ಎಂದು ಬದಲಿಸಿಕೊಳ್ಳಲು ಹೊರಟ ಒಬ್ಬರು ನನ್ನ ಬಳಿ ಬಂದಿದ್ದರು. ಗುರುತು ಸಿಗದಿರಲಿ ಎಂದು ಎರಡೂ ಹೆಸರು ಬೇರೆ ಮಾಡಿದ್ದೇನೆ. ಹೆಸರು ಬದಲಾವಣೆಯನ್ನು ಸರ್ಕಾರದ ಅಧಿಕೃತ ಪತ್ರವಾದ ಗೆಜೆಟ್‌ನಲ್ಲಿ ಪ್ರಕಟಿಸಲು ಅವರು ಕೊಟ್ಟಿದ್ದ ಅರ್ಜಿ ವಾಪಸ್ ಬಂದಿತ್ತು. ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಅಫಿಡವಿಟ್‌ನಲ್ಲಿ POORNIMA, ಇಂಗ್ಲಿಷ್ ಪತ್ರಿಕೆಯ ಜಾಹೀರಾತಿನಲ್ಲಿ PURNIMA. ನಮ್ಮ ಕಿವಿಗೆ ಎರಡೂ ಒಂದೇ, ಅಲ್ವಾ? ಕಾಗದದ ಮೇಲೆ ಅವರು ಇಬ್ಬರು.

ಹಾಗಾಗಿ ಮೊದಲು ಹೊಸ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಗಟ್ಟಿ ಮಾಡಿಕೊಳ್ಳಿ. ಹಳೆ ಹೆಸರನ್ನು ದಾಖಲೆಯಲ್ಲಿ ಇದ್ದ ಹಾಗೇ ಬರೆಸಿ, ಇನಿಷಿಯಲ್ ಮುಂದಿದ್ದರೆ ಮುಂದೆ, ಹಿಂದಿದ್ದರೆ ಹಿಂದೆ. ಒಂದು ದಾಖಲೆಯಲ್ಲಿ K PUTTAMMA, ಇನ್ನೊಂದರಲ್ಲಿ PUTTAMMA K ಅಂತ ಇದ್ದರೆ ಎರಡನ್ನೂ ಅಫಿಡವಿಟ್‌ನಲ್ಲಿ ಸೇರಿಸಿ, 'ಇವೆಲ್ಲ ನನ್ನದೇ ಹೆಸರು, ಎಲ್ಲ ಒಬ್ಬಳೇ ವ್ಯಕ್ತಿ' ಎಂದು ಹೇಳಿಸಿ. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಯಲ್ಲಿ ಈ ಸಾಲು ಎಷ್ಟೋ ಸಲ ಇರುವುದಿಲ್ಲ. ತಂದೆ ಅಥವಾ ಗಂಡನ ಹೆಸರು, ವಿಳಾಸ, ಬದಲಾವಣೆಗೆ ಕಾರಣ ಒಂದೆರಡು ಸಾಲಿನಲ್ಲಿ ಬಂದರೆ ಸಾಕು. ಇದನ್ನು ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ, ನೋಟರಿಯ ಎದುರೇ ಸಹಿ ಹಾಕಿ. ಮನೆಯಲ್ಲೇ ಸಹಿ ಹಾಕಿ ಬೇರೆಯವರ ಕೈಯಲ್ಲಿ ಸೀಲ್ ಹಾಕಿಸಿ ತರಬೇಡಿ. ಪ್ರಮಾಣ ಮಾಡುವವರು ನೀವು, ನೀವೇ ಅಲ್ಲಿ ನಿಂತಿರಬೇಕು.

ಜಾಹೀರಾತು ಅಫಿಡವಿಟ್ ಆದ ಮೇಲೆಯೇ. ಅದರಲ್ಲಿ ಅಫಿಡವಿಟ್‌ನ ತಾರೀಖು ಬರಬೇಕಲ್ಲ, ಅದಕ್ಕೆ. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಹಾಕಿಸುವುದು ರೂಢಿ. ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ತರಿಸಿಕೊಂಡು ಅಫಿಡವಿಟ್ ಪಕ್ಕದಲ್ಲಿಟ್ಟು ಓದಿ. ನಮ್ಮ ಪೂರ್ಣಿಮಾ ಅವರು ಜಾಹೀರಾತಿನ ಪಠ್ಯವನ್ನು ಫೋನಿನಲ್ಲಿ ಹೇಳಿದ್ದರು, ಎಡವಟ್ಟಾದದ್ದು ಅಲ್ಲೇ. ಇಂಗ್ಲಿಷ್ ಜಾಹೀರಾತಿಗೆ ಮತ್ತೆ ದುಡ್ಡು ಕೊಡಬೇಕಾಯಿತು. ಪತ್ರಿಕೆ ಬಂದ ದಿನ ತುಣುಕು ಕತ್ತರಿಸಬೇಡಿ. ಪತ್ರಿಕೆಯ ಹೆಸರು, ತಾರೀಖು ಕಾಣುವ ಹಾಗೆ ಇಡೀ ಹಾಳೆ ಎತ್ತಿಡಿ.

ಭಾರತದ ಗೆಜೆಟ್‌ಗೆ ಅರ್ಜಿ ಹೋಗುವುದು ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಟಣಾ ಇಲಾಖೆಗೆ. ಅವರ ನಮೂನೆಯಲ್ಲಿ ಇಬ್ಬರು ಸಾಕ್ಷಿಗಳ ಸಹಿ ಬೇಕು. ಜಾಸ್ತಿ ಜನ ತಪ್ಪುವುದು ಮಾತ್ರ ತಮ್ಮ ಸಹಿಯಲ್ಲಿ. ಪ್ರಕಟಣೆಯ ಪಠ್ಯದ ಕೆಳಗೆ ಹಳೆ ಹೆಸರಿನ ಸಹಿಯನ್ನೇ ಹಾಕಬೇಕು. ಹೊಸ ಹೆಸರಿನ ಖುಷಿಯಲ್ಲಿ ಹೊಸ ಸಹಿ ಹಾಕಿಬಿಡುತ್ತಾರೆ.

ಹೆಸರು ಬದಲಾವಣೆಗಳು ಗೆಜೆಟ್‌ನ 4ನೇ ಭಾಗದಲ್ಲಿ ಬರುತ್ತವೆ. egazette.gov.in ತಾಣದಲ್ಲಿ ಆ ಸಂಚಿಕೆ ಇಳಿಸಿಕೊಂಡು, ನಿಮ್ಮ ಹೆಸರಿರುವ ಪುಟದ ಜೊತೆ ಮೊದಲ ಪುಟವನ್ನೂ ಪ್ರಿಂಟ್ ತೆಗೆದಿಡಿ. ಗೆಜೆಟ್ ಬಂದ ತಕ್ಷಣ ಆಧಾರ್, ಪಾನ್, ಬ್ಯಾಂಕ್ ಖಾತೆ ತಾವಾಗಿಯೇ ಬದಲಾಗುವುದಿಲ್ಲ. ಒಂದೊಂದಕ್ಕೂ ಬೇರೆ ಅರ್ಜಿ ಕೊಡಬೇಕು, ಆಧಾರ್‌ನಿಂದ ಶುರು ಮಾಡಿದರೆ ಉಳಿದವು ಸುಲಭ. ಹಳೆ ಅಂಕಪಟ್ಟಿಯಲ್ಲಿ ಪುಟ್ಟಮ್ಮ ಅಂತಲೇ ಇದ್ದರೆ, ಅದನ್ನು ತೋರಿಸುವ ಕಡೆಯೆಲ್ಲ ಗೆಜೆಟ್ ಪ್ರತಿಯೂ ಜೊತೆಗಿರಲಿ.