ಟೈಮರ್ 1ರಿಂದ ನಿಖರವಾದ 1 ಮಿಲಿಸೆಕೆಂಡ್ ಟಿಕ್: 249 ಏಕೆ, 250 ಏಕಲ್ಲ

ಸಿಂಧನೂರು ಕಡೆಯ ಗದ್ದೆಯೊಂದರ ಪಂಪಿಗೆ, ನಾಲ್ಕು ಗಂಟೆ ಓಡಿಸಿ ತಾನೇ ನಿಲ್ಲಿಸುವ ಟೈಮರ್ ಬೋರ್ಡ್ ಮಾಡುವುದು ನಮ್ಮ ಪ್ರಾಜೆಕ್ಟ್. ಅದಕ್ಕೆ ಬೇಕಾದದ್ದು ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಬರುವ ಇಂಟರಪ್ಟ್. ಒಂದು ಟಿಕ್‌ನಲ್ಲಿ ಆಗುವ ಸಣ್ಣ ತಪ್ಪು ಕಣ್ಣಿಗೆ ಕಾಣುವುದಿಲ್ಲ; ಆದರೆ ನಾಲ್ಕು ಗಂಟೆಯಲ್ಲಿ ಅದು 1 ಕೋಟಿ 44 ಲಕ್ಷ ಸಲ ಕೂಡಿಕೊಳ್ಳುತ್ತದೆ. ಇಲ್ಲಿರುವ ಲೆಕ್ಕವೆಲ್ಲ 16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ 328ಪಿ ಚಿಪ್‌ಗೆ, ಅಂದರೆ ಸಾಮಾನ್ಯ ಆರ್ಡುಯಿನೊ ಉನೊ ಬೋರ್ಡಿಗೆ ಸಂಬಂಧಿಸಿದ್ದು.

ಪ್ರಿಸ್ಕೇಲರ್ 64 ಎಂದು ಇಟ್ಟರೆ ಟೈಮರ್‌ಗೆ ತಲುಪುವ ಗಡಿಯಾರ 250 ಕಿಲೋಹರ್ಟ್ಸ್ ಆಗುತ್ತದೆ, ಒಂದು ಎಣಿಕೆಗೆ 4 ಮೈಕ್ರೋಸೆಕೆಂಡ್ ಹಿಡಿಯುತ್ತದೆ. 1 ಮಿಲಿಸೆಕೆಂಡಿಗೆ 250 ಎಣಿಕೆ ಬೇಕು. ಇಷ್ಟು ಸರಳ. ಇದನ್ನು ರಿಜಿಸ್ಟರ್‌ಗಳಲ್ಲಿ ಬರೆಯುವುದು ಹೀಗೆ:

```
cli();
TCCR1A = 0;
TCCR1B = 0;
TCNT1  = 0;
OCR1A  = 249;
TIFR1  = (1 << OCF1A);
TIMSK1 = (1 << OCIE1A);
TCCR1B = (1 << WGM12) | (1 << CS11) | (1 << CS10);
sei();
```

`WGM12` ಬಿಟ್ ಸಿಟಿಸಿ ಮೋಡನ್ನು ಆರಿಸುತ್ತದೆ: ಕೌಂಟರ್ `OCR1A` ಬೆಲೆಯನ್ನು ಮುಟ್ಟಿದ ಮೇಲೆ ಸೊನ್ನೆಗೆ ಮರಳುತ್ತದೆ. ಪ್ರಿಸ್ಕೇಲರ್ ಬಿಟ್‌ಗಳನ್ನು ಕೊನೆಯಲ್ಲಿ ಬರೆದಿರುವುದರಿಂದ, ಉಳಿದದ್ದೆಲ್ಲ ಸಿದ್ಧವಾದ ಮೇಲಷ್ಟೇ ಎಣಿಕೆ ಶುರುವಾಗುತ್ತದೆ.

ಈಗ 249ರ ಪ್ರಶ್ನೆ. ಬೇಕಾದದ್ದು 250 ಎಣಿಕೆಯಾದರೆ ಬರೆಯುವುದು 249 ಏಕೆ? ಕೌಂಟರ್ ಸೊನ್ನೆಯಿಂದ ಶುರುವಾಗುತ್ತದೆ ಎಂಬ ಉತ್ತರ ಎಲ್ಲೆಡೆ ಸಿಗುತ್ತದೆ, ಆದರೆ ಅದರಿಂದ ಅನುಮಾನ ಪೂರ್ತಿ ತೀರುವುದಿಲ್ಲ. ಹೋಲಿಕೆ ಸರಿಹೊಂದಿದ ಕ್ಷಣದಲ್ಲೇ ಕೌಂಟರ್ ಸೊನ್ನೆಯಾಗುವುದಿದ್ದರೆ 250 ಎಂದು ಬರೆಯುವುದೇ ಸರಿಯಾಗುತ್ತಿತ್ತು. ನಿಜವಾಗಿ ಆಗುವುದು ಹಾಗಲ್ಲ. `OCR1A` ಬೆಲೆ 3 ಎಂದುಕೊಂಡು ಬೆರಳಿನಲ್ಲಿ ಎಣಿಸಿದರೆ ವಿಷಯ ತಿಳಿಯಾಗುತ್ತದೆ. ಕೌಂಟರ್ 0, 1, 2, 3 ಎಂದು ಸಾಗುತ್ತದೆ. 3 ಬಂದಾಗ ಹೋಲಿಕೆ ಸರಿಹೊಂದುತ್ತದೆ, ಆದರೆ ಕೌಂಟರ್ ಆ 3ರಲ್ಲಿ ಪೂರ್ತಿ ಒಂದು ಟೈಮರ್ ಗಡಿಯಾರದಷ್ಟು ಕಾಲ ನಿಂತು, ಮುಂದಿನ ಗಡಿಯಾರದಲ್ಲಿ ಸೊನ್ನೆಗೆ ಹೋಗುತ್ತದೆ. ಹೀಗಾಗಿ 0 ಒಂದು ಪೂರ್ತಿ ಎಣಿಕೆ, 3 ಕೂಡ ಒಂದು ಪೂರ್ತಿ ಎಣಿಕೆ, ಒಟ್ಟು ನಾಲ್ಕು. `OCR1A` ಎಂಬುದು ಎಣಿಕೆಗಳ ಸಂಖ್ಯೆಯಲ್ಲ, ಕೊನೆಯ ಎಣಿಕೆಯ ಹೆಸರು.

ಇದನ್ನು ಖಚಿತಪಡಿಸಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ಇದೇ ಹೋಲಿಕೆಯ ಇನ್ನೊಂದು ಬಳಕೆ. ಸಿಟಿಸಿ ಬಿಟ್ಟು ಸಾಮಾನ್ಯ ಮೋಡ್‌ನಲ್ಲಿ ಕೌಂಟರನ್ನು 65535ರವರೆಗೆ ತನ್ನಷ್ಟಕ್ಕೆ ಓಡಲು ಬಿಟ್ಟು, ಪ್ರತಿ ಇಂಟರಪ್ಟ್‌ನಲ್ಲಿ `OCR1A += 250;` ಎಂದು ಬರೆದರೂ 1 ಮಿಲಿಸೆಕೆಂಡ್ ಟಿಕ್ ಸಿಗುತ್ತದೆ. ಇಲ್ಲಿ ಕೂಡಿಸುವುದು 250ನ್ನೇ, 249ನ್ನಲ್ಲ. ಇಲ್ಲಿ ಕೌಂಟರ್ ಸೊನ್ನೆಗೆ ಮರಳುವುದಿಲ್ಲವಾದ್ದರಿಂದ, ಒಂದು ಹೋಲಿಕೆಗೂ ಮುಂದಿನ ಹೋಲಿಕೆಗೂ ಇರುವ ಅಂತರವೇ ಅವಧಿ. ಒಂದನ್ನು ಕಳೆಯುವ ನಿಯಮ ಹೋಲಿಕೆಗೆ ಸೇರಿದ್ದಲ್ಲ, ಸೊನ್ನೆಗೆ ಮರಳುವುದಕ್ಕೆ ಸೇರಿದ್ದು. ಇದು ಮನಸ್ಸಿನಲ್ಲಿ ನಿಂತರೆ ಯಾವ ಚಿಪ್‌ನ ಟೈಮರ್ ಎದುರಾದರೂ ಕೇಳಬೇಕಾದ ಪ್ರಶ್ನೆ ಒಂದೇ ಆಗುತ್ತದೆ: ಇಲ್ಲಿ ಕೌಂಟರ್ ಮರಳುತ್ತದೆಯೇ, ಓಡುತ್ತಲೇ ಇರುತ್ತದೆಯೇ?

ಡೇಟಾಶೀಟ್‌ನ ಸಿಟಿಸಿ ಸೂತ್ರದಲ್ಲಿ ಛೇದದಲ್ಲಿ ಒಂದು 2 ಇದೆ. ಅದು ಪಿನ್ ಮೇಲೆ ಹೊರಡುವ ಚೌಕ ತರಂಗದ ಆವರ್ತನಕ್ಕೆ. ಪ್ರತಿ ಹೋಲಿಕೆಗೆ ಪಿನ್ ಒಮ್ಮೆ ಮಾತ್ರ ಬದಲಾಗುವುದರಿಂದ ಒಂದು ಪೂರ್ತಿ ತರಂಗಕ್ಕೆ ಎರಡು ಹೋಲಿಕೆ ಬೇಕು. ಇಂಟರಪ್ಟ್ ಲೆಕ್ಕಕ್ಕೆ ಆ 2 ಬೇಡ. ಅದನ್ನು ಸೇರಿಸಿ 124 ಎಂದು ಬರೆದರೆ ಟಿಕ್ ಅರ್ಧ ಮಿಲಿಸೆಕೆಂಡಿಗೊಮ್ಮೆ ಬರುತ್ತದೆ.

ತಪ್ಪಿ 250 ಬರೆದರೆ ಅವಧಿ 251 ಎಣಿಕೆ, ಅಂದರೆ 1004 ಮೈಕ್ರೋಸೆಕೆಂಡ್ ಆಗುತ್ತದೆ. ಶೇಕಡಾ 0.4ರ ಈ ತಪ್ಪಿನಿಂದ ನಾಲ್ಕು ಗಂಟೆಯ ಪಂಪು 57 ಸೆಕೆಂಡಿಗೂ ಹೆಚ್ಚು ಕಾಲ ಮಿತಿ ಮೀರಿ ಓಡುತ್ತದೆ. ಇದನ್ನು ಕೈಗಡಿಯಾರದಿಂದ ಪತ್ತೆ ಹಚ್ಚಲು ಹೋಗಬಾರದು. ಉನೊ ಬೋರ್ಡಿನಲ್ಲಿ ಈ ಚಿಪ್‌ಗೆ ಗಡಿಯಾರ ಕೊಡುವುದು ಸೆರಾಮಿಕ್ ರೆಸೊನೇಟರ್. ಅದರ ಸಹಜ ವ್ಯತ್ಯಾಸವೇ ಸುಮಾರು ಶೇಕಡಾ 0.5ರವರೆಗೆ ಇರಬಹುದು. ತಪ್ಪು ನಮ್ಮ ಸಂಖ್ಯೆಯದ್ದೋ ರೆಸೊನೇಟರ್‌ನದ್ದೋ ಎಂದು ಹೊರಗಿನ ಗಡಿಯಾರ ಹೇಳಲಾರದು. ಅದಕ್ಕೆ ಚಿಪ್‌ನೊಳಗಿನ ಇನ್ನೊಂದು ಟೈಮರನ್ನೇ ಸಾಕ್ಷಿಯಾಗಿ ಹಿಡಿಯಬೇಕು. `micros()` ನಡೆಯುವುದು ಟೈಮರ್ 0ರ ಮೇಲೆ, ಅದೇ ರೆಸೊನೇಟರ್‌ನಿಂದ. ಹಾಗಾಗಿ ಎರಡನ್ನೂ ಹೋಲಿಸಿದಾಗ ರೆಸೊನೇಟರ್‌ನ ತಪ್ಪು ಹೊಡೆದುಹೋಗಿ, ಸಂಖ್ಯೆಯ ತಪ್ಪು ಮಾತ್ರ ಉಳಿಯುತ್ತದೆ.

```
volatile uint32_t gap;
ISR(TIMER1_COMPA_vect) {
  static uint16_t n;
  static uint32_t last;
  if (++n == 1000) {
    uint32_t now = micros();
    gap = now - last;
    last = now;
    n = 0;
  }
}
```

`gap` ನಾಲ್ಕು ಬೈಟ್‌ಗಳದ್ದು, ಚಿಪ್ 8 ಬಿಟ್‌ನದ್ದು. ಆದ್ದರಿಂದ ಅದನ್ನು ಮುಖ್ಯ ಲೂಪ್‌ನಲ್ಲಿ ಇಂಟರಪ್ಟ್ ತಡೆದು ನಕಲು ಮಾಡಿಕೊಂಡು ಆಮೇಲೆ ಮುದ್ರಿಸಬೇಕು. ಮೊದಲ ಬೆಲೆಗೆ ಅರ್ಥವಿಲ್ಲ, ಬಿಟ್ಟುಬಿಡಬೇಕು. ನಂತರದ್ದು 10,00,000ದ ಆಸುಪಾಸಿನಲ್ಲಿ, ಕೆಲವೇ ಮೈಕ್ರೋಸೆಕೆಂಡ್ ಅಂತರದಲ್ಲಿದ್ದರೆ ಎಲ್ಲ ಸರಿಯಿದೆ. 10,04,000 ಬಂದರೆ 250 ಬರೆಯಲಾಗಿದೆ ಎಂದರ್ಥ.

10,24,000 ಬಂದರೆ ಕಾರಣವೇ ಬೇರೆ. ಆರ್ಡುಯಿನೊ ತನ್ನ ಆರಂಭದಲ್ಲೇ ಪಿಡಬ್ಲ್ಯೂಎಂಗಾಗಿ ಟೈಮರ್ 1ರ `WGM10` ಬಿಟ್ಟನ್ನು ಏರಿಸಿರುತ್ತದೆ. `TCCR1A = 0` ಎಂಬ ಸಾಲನ್ನು ಬಿಟ್ಟು `WGM12` ಮಾತ್ರ ಸೇರಿಸಿದರೆ ಎರಡೂ ಬಿಟ್ ಕೂಡಿ 8 ಬಿಟ್‌ನ ಫಾಸ್ಟ್ ಪಿಡಬ್ಲ್ಯೂಎಂ ಮೋಡ್ ಆಗುತ್ತದೆ. ಆಗ ಕೌಂಟರ್ 255ರವರೆಗೆ ಹೋಗಿ ಮರಳುತ್ತದೆ; 249ರಲ್ಲಿ ಇಂಟರಪ್ಟ್ ಬರುತ್ತದಾದರೂ ಅವಧಿ 256 ಎಣಿಕೆ, ಅಂದರೆ 1024 ಮೈಕ್ರೋಸೆಕೆಂಡ್. `OCR1A` ಬೆಲೆಯನ್ನು ಬದಲಿಸಿ ನೋಡಿದರೂ ಅವಧಿ ಕದಲದಿರುವುದೇ ಇದರ ಗುರುತು.

ಟಿಕ್ ಓಡುತ್ತಿರುವಾಗಲೇ `OCR1A` ಬೆಲೆಯನ್ನು ಇಳಿಸುವುದಿದ್ದರೆ ಎಚ್ಚರ ಬೇಕು. ಸಿಟಿಸಿ ಮೋಡ್‌ನಲ್ಲಿ ಬರೆದ ಬೆಲೆ ತಕ್ಷಣ ಜಾರಿಯಾಗುತ್ತದೆ. ಕೌಂಟರ್ 200ರಲ್ಲಿರುವಾಗ 124 ಬರೆದರೆ ಆ ಸಲದ ಹೋಲಿಕೆ ತಪ್ಪಿಹೋಗುತ್ತದೆ. ಕೌಂಟರ್ 65535 ದಾಟಿ ಸುತ್ತಿ ಬರುವವರೆಗೆ, ಸುಮಾರು 262 ಮಿಲಿಸೆಕೆಂಡ್, ಟಿಕ್ ಇರುವುದಿಲ್ಲ. ಇಂಟರಪ್ಟ್‌ನ ಮೊದಲ ಸಾಲಿನಲ್ಲೇ ಹೊಸ ಬೆಲೆ ಬರೆದರೆ ಕೌಂಟರ್ ಇನ್ನೂ ಸೊನ್ನೆಯ ಹತ್ತಿರವೇ ಇರುವುದರಿಂದ ಈ ತೊಂದರೆ ಬಾರದು.

ಉಳಿದದ್ದು ರೆಸೊನೇಟರ್‌ನ ತಪ್ಪು. ಅದನ್ನು ತಿದ್ದಲು ಪ್ರಿಸ್ಕೇಲರ್ 64 ಸಾಲದು, ಏಕೆಂದರೆ ಅಲ್ಲಿ ಒಂದು ಹೆಜ್ಜೆ ಎಂದರೆ ಶೇಕಡಾ 0.4. ಟೈಮರ್ 1 ಹದಿನಾರು ಬಿಟ್‌ನದ್ದಾದ್ದರಿಂದ ಪ್ರಿಸ್ಕೇಲರ್ ಇಲ್ಲದೆಯೂ, `CS10` ಬಿಟ್ ಒಂದನ್ನೇ ಇಟ್ಟು, 16000 ಎಣಿಕೆಯಲ್ಲಿ ಅದೇ ಟಿಕ್ ಪಡೆಯಬಹುದು. ಆಗ ಒಂದು ಹೆಜ್ಜೆ 16,000ರಲ್ಲಿ ಒಂದು ಭಾಗ ಮಾತ್ರ. `OCR1A = 15999` ಇಟ್ಟಾಗ ಬೋರ್ಡಿನ ನಾಲ್ಕು ಗಂಟೆ ಮೊಬೈಲ್ ಗಡಿಯಾರದಲ್ಲಿ 14,400ರ ಬದಲು 14,414.4 ಸೆಕೆಂಡ್ ಹಿಡಿಯಿತು ಎಂದುಕೊಳ್ಳೋಣ. ಗಡಿಯಾರ ಶೇಕಡಾ 0.1 ನಿಧಾನ, ನಿಜವಾದ ಆವರ್ತನ ಸುಮಾರು 15.984 ಮೆಗಾಹರ್ಟ್ಸ್, ಮಿಲಿಸೆಕೆಂಡಿಗೆ 15984 ಎಣಿಕೆ. ಸಿಟಿಸಿ ಆದ್ದರಿಂದ ಬರೆಯಬೇಕಾದದ್ದು 15983. ರೆಸೊನೇಟರ್ ಉಷ್ಣತೆಗೆ ತಕ್ಕಂತೆ ಸ್ವಲ್ಪ ಕದಲುವುದರಿಂದ, ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಕೂರುವ ಬೋರ್ಡಿಗೆ ಈ ಅಳತೆಯನ್ನು ಆ ಪೆಟ್ಟಿಗೆಯಲ್ಲಿಟ್ಟೇ, ಪಂಪು ಓಡುವ ಹೊತ್ತಿನಲ್ಲೇ ತೆಗೆದುಕೊಳ್ಳಬೇಕು.