ಉಪ್ಪುನೀರಲ್ಲಿ ನೆನೆಹಾಕಿದರೂ ಬಣ್ಣ ಬಿಟ್ಟಿತು, ಯಾಕೆ?

ಪ್ರಶ್ನೆ: ಹೊಸ ಮರೂನ್ ಬಣ್ಣದ ಕಾಟನ್ ಕುರ್ತಾವನ್ನು ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಹಾಕಿದ್ದೆ. ಬಣ್ಣ ಗಟ್ಟಿಯಾಗಿರುತ್ತೆ ಅಂದುಕೊಂಡು ಎರಡು ಬಿಳಿ ಶರ್ಟ್‌ಗಳ ಜೊತೆ ಮಷಿನ್‌ಗೆ ಹಾಕಿದೆ. ಶರ್ಟ್ ಎರಡೂ ಗುಲಾಬಿ ಆಗಿವೆ. ಉಪ್ಪು ಕಡಿಮೆ ಆಯ್ತಾ? ಶರ್ಟ್ ಉಳಿಸಬಹುದಾ?

ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಕುರ್ತಾ ಬದಲು ಬೆಡ್‌ಶೀಟ್ ಇರುತ್ತದೆ, ಮರೂನ್ ಬದಲು ನೀಲಿ ಇರುತ್ತದೆ, ಉಪ್ಪು ಮಾತ್ರ ಬದಲಾಗುವುದಿಲ್ಲ. ಈ ಸಲ ಉಪ್ಪಿನ ವಿಷಯವನ್ನು ಪೂರ್ತಿ ಹೇಳಿ ಮುಗಿಸುತ್ತೇನೆ. ಆದರೆ ಮೊದಲು ಶರ್ಟ್ ನೋಡೋಣ, ಅದಕ್ಕೆ ಕಾಯುವಷ್ಟು ಸಮಯ ಇಲ್ಲ.

ಶರ್ಟ್‌ಗಳನ್ನು ಒಣಹಾಕಬೇಡಿ. ಇಸ್ತ್ರಿಯನ್ನಂತೂ ಮುಟ್ಟಿಸಲೇಬೇಡಿ. ಒದ್ದೆ ಇರುವಾಗ ಬಂದಷ್ಟು ಸುಲಭವಾಗಿ ಬಣ್ಣ ಒಣಗಿದ ಮೇಲೆ ಬರುವುದಿಲ್ಲ. ಕುರ್ತಾವನ್ನು ಬೇರೆ ತೆಗೆದಿಟ್ಟು, ಶರ್ಟ್‌ಗಳನ್ನಷ್ಟೇ ಧಾರಾಳ ನೀರು, ಸೋಪಿನ ಪುಡಿ ಹಾಕಿ ತಕ್ಷಣ ಇನ್ನೊಮ್ಮೆ ಒಗೆಯಿರಿ. ಎಷ್ಟೋ ಸಲ ಅರ್ಧ ಬಣ್ಣ ಇಷ್ಟಕ್ಕೇ ಹೋಗುತ್ತದೆ.

ಉಳಿದ ಅರ್ಧಕ್ಕೆ ಬೇಕಾದ್ದು ಆಕ್ಸಿಜನ್ ಬ್ಲೀಚ್. ಪ್ಯಾಕೆಟ್ಟಿನ ಹಿಂದೆ ಸೋಡಿಯಂ ಪರ್‌ಕಾರ್ಬೊನೇಟ್ ಅಂತ ಇದೆಯಾ ನೋಡಿಕೊಳ್ಳಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿಸಿನೀರು ತೆಗೆದುಕೊಳ್ಳಿ. ಸುಮಾರು 40ರಿಂದ 50 ಡಿಗ್ರಿ ಸಾಕು, ಅಂದರೆ ಮುಟ್ಟಿದರೆ ಚೆನ್ನಾಗಿ ಬಿಸಿ ಅನ್ನಿಸಬೇಕು, ಸುಡಬಾರದು. ತಣ್ಣೀರಲ್ಲಿ ಈ ಪುಡಿ ತುಂಬ ನಿಧಾನ. ಅಳತೆ ಪ್ಯಾಕೆಟ್ ಮೇಲೆ ಇರುತ್ತದೆ. ಇಲ್ಲದಿದ್ದರೆ ನಾಲ್ಕು ಲೀಟರ್ ನೀರಿಗೆ ಎರಡು ದೊಡ್ಡ ಚಮಚದಿಂದ ಶುರುಮಾಡಿ. ಪುಡಿ ಪೂರ್ತಿ ಕರಗಿದ ಮೇಲೆ ಶರ್ಟ್ ಮುಳುಗಿಸಿ. ಒಂದು ತೋಳು ಮೇಲೆ ತೇಲಿದರೆ ಆ ತೋಳಿನಲ್ಲಿ ಗುಲಾಬಿ ಪಟ್ಟೆ ಉಳಿಯುತ್ತದೆ, ಅದಕ್ಕೆ ಮೇಲೊಂದು ತಟ್ಟೆ ಇಟ್ಟು ಒತ್ತಿ. ಆರರಿಂದ ಎಂಟು ಗಂಟೆ ಬಿಡಿ. ಬಕೆಟ್ ಮುಚ್ಚಳ ಬಿಗಿಯಾಗಿ ಹಾಕಬೇಡಿ, ಒಳಗೆ ಗ್ಯಾಸ್ ಬರುತ್ತಿರುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಆಮೇಲೆ ಒಗೆದು, ಒದ್ದೆ ಇರುವಾಗಲೇ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಇನ್ನೂ ಗುಲಾಬಿ ಕಂಡರೆ ಹೊಸ ನೀರು, ಹೊಸ ಪುಡಿ ಹಾಕಿ ಎರಡನೇ ಸುತ್ತು. ಮೊದಲ ಸುತ್ತಿನ ನೀರನ್ನೇ ಮತ್ತೆ ಬಳಸಬೇಡಿ, ಅದರ ಶಕ್ತಿ ಅಷ್ಟರಲ್ಲಿ ಮುಗಿದಿರುತ್ತದೆ.

ರೇಷ್ಮೆ, ಉಣ್ಣೆಗೆ ಇದನ್ನು ಹಾಕಬಾರದು, ಎಳೆ ಹಾಳಾಗುತ್ತದೆ. ಅವನ್ನು ಅವಕ್ಕೆಂದೇ ಇರುವ ಸೌಮ್ಯ ಲಿಕ್ವಿಡ್‌ನಲ್ಲಿ ತಣ್ಣೀರಲ್ಲಿ ಎರಡು ಮೂರು ಸಲ ಜಾಲಿಸಿ ನೋಡಿ. ಅಷ್ಟಕ್ಕೂ ಹೋಗದಿದ್ದರೆ ಡ್ರೈ ಕ್ಲೀನಿಂಗ್‌ನವರಿಗೆ ಕೊಡಿ.

ನಿಮ್ಮ ಗುಲಾಬಿ ಶರ್ಟನ್ನು ಹತ್ತಿರದಿಂದ ಒಮ್ಮೆ ನೋಡಿ. ಕಾಲರ್ ಸುತ್ತ, ಜೇಬಿನ ಅಂಚಲ್ಲಿ ಹೊಲಿಗೆ ದಾರ ಮಾತ್ರ ಬೆಳ್ಳಗೆ ಹೊಳೆಯುತ್ತಿರಬಹುದು. ಬಟ್ಟೆ ಕಾಟನ್, ದಾರ ಪಾಲಿಯೆಸ್ಟರ್ ಆಗಿದ್ದರೆ ಹೀಗಾಗುತ್ತದೆ. ಕಾಟನ್‌ಗೆ ಹಾಕುವ ಬಣ್ಣವನ್ನು ಪಾಲಿಯೆಸ್ಟರ್ ಅಷ್ಟಾಗಿ ಹಿಡಿಯುವುದಿಲ್ಲ. ಈ ಬಿಳಿ ದಾರ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಉಪ್ಪು. ಹೊಲಿದು ಕೈಗೆ ಬಂದ ಬಟ್ಟೆಯ ಬಣ್ಣವನ್ನು ಉಪ್ಪು ಗಟ್ಟಿ ಮಾಡುವುದಿಲ್ಲ. ಒಂದು ಹಿಡಿ ಹಾಕಿದರೂ ಇಲ್ಲ, ಒಂದು ಕಿಲೋ ಹಾಕಿದರೂ ಇಲ್ಲ. ಹಾಗಾಗಿ ನಿಮ್ಮ ಉಪ್ಪು ಕಡಿಮೆ ಆಗಿರಲಿಲ್ಲ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಬಣ್ಣ ಹಾಕುವವರ ಕೆಲಸದಿಂದ. ಕಾಟನ್‌ಗೆ ಬಣ್ಣ ಹಾಕುವಾಗ ಅವರು ನಿಜವಾಗಿಯೂ ಉಪ್ಪು ಹಾಕುತ್ತಾರೆ, ಅದೂ ಸ್ವಲ್ಪ ಅಲ್ಲ. ಗಾಢ ಬಣ್ಣಕ್ಕೆ ಲೀಟರ್ ನೀರಿಗೆ 50 ಗ್ರಾಂ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಒದ್ದೆ ಕಾಟನ್ ಎಳೆಗೂ ಬಣ್ಣದ ಕಣಕ್ಕೂ ಒಂದೇ ಬಗೆಯ ವಿದ್ಯುತ್ ಅಂಶ ಇರುವುದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟ ತಗ್ಗಿಸುತ್ತದೆ, ಆಗ ನೀರಿನಲ್ಲಿರುವ ಬಣ್ಣ ಎಳೆಯ ಹತ್ತಿರ ಬರುತ್ತದೆ. ಉಪ್ಪಿನ ಕೆಲಸ ಅಲ್ಲಿಗೆ ಮುಗಿಯಿತು. ಈಗಿನ ಕಾಟನ್ ಬಟ್ಟೆಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣಗಳಲ್ಲಿ, ಬಣ್ಣವನ್ನು ಎಳೆಗೆ ಬೆಸೆಯುವುದು ಆಮೇಲೆ ಹಾಕುವ ವಾಷಿಂಗ್ ಸೋಡಾದಂಥ ಕ್ಷಾರ. ಉಪ್ಪು ಬಣ್ಣವನ್ನು ಬಾಗಿಲ ತನಕ ಕರೆತರುತ್ತದೆ, ಬೀಗ ಹಾಕುವುದು ಕ್ಷಾರ.

ಬೆಸೆಯುವ ಹೊತ್ತಿನಲ್ಲಿ ಬಣ್ಣದ ಒಂದಷ್ಟು ಭಾಗ ಎಳೆಗೆ ಸೇರದೆ ನೀರಿನ ಜೊತೆಗೇ ಬೆಸೆದುಕೊಂಡು ಕೆಟ್ಟುಹೋಗುತ್ತದೆ. ಹಾಗೆ ಕೆಟ್ಟ ಬಣ್ಣ ಇನ್ಯಾವತ್ತೂ ಎಳೆಗೆ ಬೆಸೆಯುವುದಿಲ್ಲ, ಸುಮ್ನೆ ಬಟ್ಟೆಯೊಳಗೆ ಕೂತಿರುತ್ತದೆ. ಅದನ್ನು ಕುದಿಯುವಷ್ಟು ಬಿಸಿಯಾದ ಸೋಪುನೀರಲ್ಲಿ ಮತ್ತೆ ಮತ್ತೆ ಒಗೆದು ತೆಗೆಯಬೇಕಾದ್ದು ಬಣ್ಣ ಹಾಕಿದವರ ಕೆಲಸ. ಅಲ್ಲಿ ನೀರು, ಸಮಯ ಉಳಿಸಿದರೆ ಆ ಬಣ್ಣ ಬಂದು ಸೇರುವುದು ನಿಮ್ಮ ಮಷಿನ್‌ಗೆ. ಅಂಥ ಬಣ್ಣವನ್ನು ಗಟ್ಟಿ ಮಾಡುವ ಮಾತೇ ಇಲ್ಲ. ಅದು ಹೊರಗೆ ಹೋಗಬೇಕು, ಅಷ್ಟೇ.

"ಆದರೆ ಉಪ್ಪು ಹಾಕಿದಾಗ ನೀರಿಗೆ ಬಣ್ಣ ಕಡಿಮೆ ಬಿಡುತ್ತದಲ್ಲ, ನಾನೇ ನೋಡಿದ್ದೇನೆ" ಅಂತ ತುಂಬ ಜನ ಹೇಳುತ್ತಾರೆ. ಅವರು ನೋಡಿದ್ದು ಸುಳ್ಳಲ್ಲ. ನಾನೂ ಮಾಡಿ ನೋಡಿದ್ದೇನೆ. ಬಣ್ಣ ಬಿಡುವ ಒಂದು ಕೆಂಪು ಬಟ್ಟೆಯಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಎರಡು ಗಾಜಿನ ಲೋಟದಲ್ಲಿ ಹಾಕಿದೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಎರಡು ಚಮಚ ಉಪ್ಪು ಕರಗಿಸಿದ ನೀರು. ಅರ್ಧ ಗಂಟೆಯ ನಂತರ ಬರೀ ನೀರು ಕೆಂಪಗೆ, ಉಪ್ಪುನೀರು ತೆಳು ಗುಲಾಬಿ. ಇಲ್ಲಿಗೇ ನಿಲ್ಲಿಸಿದ್ದರೆ ಉಪ್ಪು ಗೆದ್ದಂತೆಯೇ. ಆದರೆ ಎರಡೂ ಪಟ್ಟಿಯನ್ನು ಹೊಸ ಲೋಟದ ಸೋಪುನೀರಿಗೆ ಹಾಕಿದೆ. ಈ ಸಲ ಜಾಸ್ತಿ ಬಣ್ಣ ಬಿಟ್ಟದ್ದು ಉಪ್ಪಿನಲ್ಲಿ ನೆನೆದ ಪಟ್ಟಿ. ಮೊದಲು ಹೊರಬರದೆ ಒಳಗೇ ಕೂತಿದ್ದ ಬಣ್ಣ ಉಪ್ಪು ತೊಳೆದುಹೋದ ಕೂಡಲೇ ಹೊರಟಿತು. ನಿಮ್ಮ ಕುರ್ತಾಕ್ಕೆ ಆದದ್ದೂ ಹೆಚ್ಚು ಕಡಿಮೆ ಇದೇ. ರಾತ್ರಿ ಬಕೆಟ್ಟಿನಲ್ಲಿ ಹೋಗಬೇಕಿದ್ದ ಬಣ್ಣ ಬೆಳಿಗ್ಗೆ ನಿಮ್ಮ ಶರ್ಟ್ ಪಕ್ಕದಲ್ಲಿ ಹೊರಬಂತು.

ಇನ್ನೂ ಒಂದು ಮಾತಿದೆ. ಕೆಲವರು ಬಿಳಿ ಬಟ್ಟೆ, ಬಣ್ಣದ ಬಟ್ಟೆ ಎರಡನ್ನೂ ಒಟ್ಟಿಗೆ ನೆನೆಹಾಕಿ, ಸುರಕ್ಷಿತವಾಗಿರಲಿ ಅಂತ ಉಪ್ಪು ಹಾಕುತ್ತಾರೆ. ನೀರಿನ ಬಣ್ಣವನ್ನು ಉಪ್ಪು ಕಾಟನ್ ಕಡೆಗೆ ತಳ್ಳುತ್ತದೆ ಅಂದೆನಲ್ಲ, ಆ ಕಾಟನ್ ನಿಮ್ಮ ಕೆಂಪು ಬಟ್ಟೆಯೇ ಆಗಬೇಕು ಅಂತೇನಿಲ್ಲ. ಬಿಳಿ ಶರ್ಟ್ ಕೂಡ ಕಾಟನ್ನೇ. ಬಿಳಿ ಬಟ್ಟೆಗೆ ಬಣ್ಣ ಹಾಕುವುದೂ ಸರಿಯಾಗಿ ಹೀಗೇ.

ವಿನೆಗರ್ ಕಥೆಯೂ ಇಂಥದ್ದೇ. ಉಣ್ಣೆ, ರೇಷ್ಮೆ, ನೈಲಾನ್‌ಗೆ ಬಣ್ಣ ಹಾಕುವಾಗ ಹುಳಿ ಮತ್ತು ಶಾಖ ಎರಡೂ ಬೇಕು. ಕಾಟನ್‌ಗೆ ತಣ್ಣೀರಲ್ಲಿ ಒಂದು ಲೋಟ ವಿನೆಗರ್ ಹಾಕಿದರೆ ವಾಸನೆ ಬರುತ್ತದೆ, ಬಣ್ಣ ನಿಲ್ಲುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ವಿನೆಗರ್ ಹಾಕಿ ಆಗಲಿಲ್ಲ ಅಂತ ಅದೇ ಬಕೆಟ್ಟಿಗೆ ಕ್ಲೋರಿನ್ ಬ್ಲೀಚ್ ಸುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಸೇರಿದರೆ ಬರುವುದು ಕ್ಲೋರಿನ್ ಗ್ಯಾಸ್, ಅದು ವಿಷ.

ನಿಜವಾಗಿ ಬಣ್ಣ ಹಿಡಿದಿಡುವ ಡೈ ಫಿಕ್ಸರ್ ಅನ್ನುವ ದ್ರವ ಬೇರೆಯೇ ಇದೆ, ಕಾಟನ್ ಬಟ್ಟೆಗೆ ಬಿಸಿನೀರಲ್ಲಿ ಹಾಕುವಂಥದ್ದು. ಅದನ್ನು ಬಳಸುವುದಾದರೆ ಸೋಪು ಪೂರ್ತಿ ಹೋಗುವಂತೆ ಮೊದಲು ಜಾಲಿಸಿ. ಸೋಪು ಉಳಿದಿದ್ದರೆ ಫಿಕ್ಸರ್ ಅದರ ಜೊತೆ ಸೇರಿ ಕೆಲಸಕ್ಕೆ ಬಾರದಂತಾಗುತ್ತದೆ.

ಹಾಗಾದರೆ ಹೊಸ ಬಟ್ಟೆಗೆ ಏನು ಮಾಡಬೇಕು? ಒಂದು ಬಿಳಿ ಬಟ್ಟೆಯ ತುಂಡನ್ನು ಸೋಪುನೀರಲ್ಲಿ ಅದ್ದಿ, ಹೊಸ ಬಟ್ಟೆಯ ಒಳಗಿನ ಹೊಲಿಗೆ ಮೇಲೆ ಇಟ್ಟು ಒಂದು ನಿಮಿಷ ಗಟ್ಟಿಯಾಗಿ ಒತ್ತಿ. ತುಂಡಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಒಂಟಿಯಾಗಿ ಒಗೆಯಿರಿ, ಲೇಬಲ್ ಒಪ್ಪುವಷ್ಟು ಬಿಸಿನೀರಲ್ಲಿ. ಪ್ರತಿ ಸಲ ಒಗೆದ ಮೇಲೆ ಮತ್ತೆ ಒತ್ತಿ ನೋಡಿ. ಮೂರು ನಾಲ್ಕು ಒಗೆತದಲ್ಲಿ ತುಂಡು ಬೆಳ್ಳಗೆ ಉಳಿದರೆ ಹೆಚ್ಚುವರಿ ಬಣ್ಣ ಹೋಯಿತು ಅಂತ ಅರ್ಥ. ಎಂಟು ಹತ್ತು ಸಲ ಆದರೂ ಬಿಡುತ್ತಲೇ ಇದ್ದರೆ ಅದು ಕೊನೆವರೆಗೂ ಬಿಡುವ ಜಾತಿ. ಜೀನ್ಸ್‌ನ ಇಂಡಿಗೋ ಹಾಗೇ, ಅದು ಎಳೆಯ ಮೇಲ್ಮೈಯಲ್ಲೇ ಕೂತಿರುತ್ತದೆ, ತಿಕ್ಕಿದಷ್ಟೂ ಉದುರುತ್ತದೆ.

ಬೇರ್ಪಡಿಸುವಾಗ ಬಣ್ಣ ಒಂದನ್ನೇ ನೋಡಿದರೆ ಸಾಲದು. ಆ ಬಿಳಿ ದಾರ ನೆನಪಿದೆ ತಾನೆ? ಯಾವುದು ಬಣ್ಣ ಬಿಡುತ್ತದೆ ಅನ್ನುವಷ್ಟೇ ಮುಖ್ಯ, ಯಾವುದು ಬಣ್ಣ ಹೀರುತ್ತದೆ ಅನ್ನುವುದು. ಅಲೆದಾಡುವ ಬಣ್ಣವನ್ನು ನೈಲಾನ್ ತುಂಬ ಸುಲಭವಾಗಿ ಹಿಡಿದುಕೊಳ್ಳುತ್ತದೆ. ಬಿಳಿ ಒಳ ಉಡುಪಿನ ಪಟ್ಟಿ, ಲೇಸು, ಸಾಕ್ಸ್ ಬೇಗ ಬೂದು ಬಣ್ಣಕ್ಕೆ ತಿರುಗುವುದಕ್ಕೆ ಇದೂ ಒಂದು ಕಾರಣ. ಬಿಳಿ ನೈಲಾನನ್ನು ತಿಳಿ ಬಣ್ಣದ ಬಟ್ಟೆ ಜೊತೆಗೂ ಹಾಕಬೇಡಿ, ಬಿಳಿ ಬಟ್ಟೆಗಳ ಜೊತೆಗೇ ಇರಲಿ. ಅದೇ ಹಳೆಯ ಬಿಳಿ ಪಾಲಿಯೆಸ್ಟರ್ ಟೀ ಶರ್ಟ್ ತಿಳಿ ಬಣ್ಣದ ಕಾಟನ್ ಜೊತೆ ಹೋದರೆ ಅಷ್ಟು ಭಯವಿಲ್ಲ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. ಕೆಂಪು, ಬಿಳಿ ಎರಡೂ ಒಂದೇ ಬಟ್ಟೆಯಲ್ಲಿದ್ದರೆ? ಪಟ್ಟೆ ಪಟ್ಟೆ ಟೀ ಶರ್ಟ್ ಇದೆ, ಅದನ್ನು ಯಾವ ರಾಶಿಗೆ ಹಾಕುತ್ತೀರಿ?

ಅಲ್ಲಿ ಬೇರ್ಪಡಿಸೋಕೆ ಆಗಲ್ಲ, ಆದ್ದರಿಂದ ಸಮಯವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಒಗೆಯುವಾಗ ಸುತ್ತ ಬೇಕಾದಷ್ಟು ನೀರಿರುತ್ತದೆ, ಬಿಟ್ಟ ಬಣ್ಣ ಅದರಲ್ಲಿ ತೆಳುವಾಗಿ ಹರಡುತ್ತದೆ, ಸೋಪು ಅದನ್ನು ನೀರಲ್ಲೇ ಹಿಡಿದಿಡುತ್ತದೆ. ಕಲೆ ಬೀಳುವುದು ಬಹಳ ಸಲ ಆಮೇಲೆ. ಹಿಂಡಿದ ಬಟ್ಟೆ ಮುದ್ದೆಯಾಗಿ ಬಕೆಟ್ಟಿನಲ್ಲೋ ಮಷಿನ್‌ನಲ್ಲೋ ಎರಡು ಗಂಟೆ ಬಿದ್ದಿರುತ್ತದೆ, ಕೆಂಪು ಪಟ್ಟೆ ಬಿಳಿ ಪಟ್ಟೆಗೆ ಒತ್ತಿಕೊಂಡಿರುತ್ತದೆ, ನಡುವೆ ನೀರು ಇಷ್ಟೇ ಇಷ್ಟು. ಆಗ ಬಣ್ಣ ನೇರವಾಗಿ ದಾಟಿಬಿಡುತ್ತದೆ. ಆದ್ದರಿಂದ ಅಂಥ ಬಟ್ಟೆಯನ್ನು ನೆನೆಹಾಕಲೇಬೇಡಿ. ತಣ್ಣೀರು, ಧಾರಾಳ ನೀರು, ಹದವಾಗಿ ಸೋಪು ಹಾಕಿ ಹತ್ತು ನಿಮಿಷದಲ್ಲಿ ಒಗೆದು ಮುಗಿಸಿ. ನೀರು ತಿಳಿಯಾಗುವ ತನಕ ಜಾಲಿಸಿ. ಒಂದು ಹಳೆಯ ಟವೆಲ್ ಮೇಲೆ ಹರಡಿ, ಪದರಗಳ ನಡುವೆ ಇನ್ನೊಂದು ಟವೆಲ್ ಇಟ್ಟು ಸುತ್ತಿ, ಒತ್ತಿ ನೀರು ತೆಗೆಯಿರಿ. ತಕ್ಷಣ ಬಿಡಿಸಿ, ಒಂದು ಮಡಿಕೆಯೂ ಇಲ್ಲದಂತೆ ಗಾಳಿಯಾಡುವ ಕಡೆ ಹರಡಿ. ಹಗ್ಗದ ಮೇಲೆ ಎರಡು ಮಡಿಕೆಯಾಗಿ ನೇತುಹಾಕಿದರೆ ಒಳಗಿನ ಪದರಗಳು ಅಂಟಿಕೊಂಡು ಅಲ್ಲೇ ಕಲೆ ಬೀಳುತ್ತದೆ. ಹ್ಯಾಂಗರ್‌ಗೆ ಹಾಕಿ, ಎದೆಯ ಭಾಗಕ್ಕೂ ಬೆನ್ನಿನ ಭಾಗಕ್ಕೂ ನಡುವೆ ಒಂದು ಒಣ ಬಿಳಿ ಟವೆಲ್ ತೂರಿಸಿಬಿಡಿ. ಒಣಗಿದ ಮೇಲೆ ಆ ಟವೆಲ್ ತೆಗೆದು ನೋಡಿ. ಅದರ ಮೇಲೆ ಕೆಂಪು ಗೆರೆಗಳು ಬಿದ್ದಿದ್ದರೆ, ಮುಂದಿನ ಸಲವೂ ಟವೆಲ್ ಬೇಕು.