ನಾಲ್ಕು ಉತ್ಪನ್ನಗಳು ಯಾಕೆ? ಅಡ್ಡ ಆಲ್ಡಾಲ್‌ನ ಹಿನ್ನೆಲೆ

ಕಾಸರಗೋಡಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟು ಸೈನ್ಸ್‌ಗೆ ಬಂದ ಮಕ್ಕಳು ಒಂದು ಪ್ರಶ್ನೆಯಲ್ಲಿ ತುಂಬ ತಡವರಿಸುತ್ತಾರೆ. ಎಥನಾಲ್ ಮತ್ತು ಪ್ರೊಪನಾಲ್ ಎಂಬ ಎರಡು ಆಲ್ಡಿಹೈಡ್‌ಗಳನ್ನು ಬೆರೆಸಿ ಕ್ಷಾರ ಹಾಕಿದರೆ ಏನು ಸಿಗುತ್ತದೆ? ನಾಲ್ಕು ಹೆಸರು ಬಾಯಿಪಾಠ ಮಾಡುವುದಕ್ಕಿಂತ ಅವು ಹೇಗೆ ಬಂದವು ಎಂದು ನೋಡುವುದು ಸುಲಭ.

1872ರಲ್ಲಿ ಪ್ಯಾರಿಸ್‌ನ ವುರ್ಟ್ಸ್ ಎಥನಾಲ್‌ನ ಎರಡು ಅಣುಗಳು ಒಂದಕ್ಕೊಂದು ಕೂಡುವುದನ್ನು ತೋರಿಸಿದರು. ಇದೇ ಆಲ್ಡಾಲ್ ಕ್ರಿಯೆ; ಎರಡು ಬೇರೆ ಬೇರೆ ಅಣುಗಳ ನಡುವೆ ನಡೆದರೆ ಅಡ್ಡ ಆಲ್ಡಾಲ್. ರಷ್ಯಾದ ಬೊರೊಡಿನ್ ಕೂಡ ಅದೇ ಕಾಲದಲ್ಲಿ ಇದನ್ನು ಕಂಡಿದ್ದರು. ಸಂಗೀತ ರಚನಕಾರರೆಂದು ಹೆಸರಾದ ಬೊರೊಡಿನ್ ಇವರೇ. ಕಾರ್ಬನ್ ಮತ್ತು ಆಕ್ಸಿಜನ್ ಜೋಡಿ ಬಂಧದಲ್ಲಿರುವ ಭಾಗವೇ ಕಾರ್ಬೊನಿಲ್. ಅದರ ಪಕ್ಕದ ಕಾರ್ಬನ್‌ನಲ್ಲಿರುವ ಹೈಡ್ರೋಜನ್ನನ್ನು ಕ್ಷಾರ ಕಿತ್ತುಕೊಳ್ಳುತ್ತದೆ. ಹೈಡ್ರೋಜನ್ ಕಳೆದುಕೊಂಡ ಅಣು ಇನ್ನೊಂದರ ಕಾರ್ಬೊನಿಲ್ ಮೇಲೆ ದಾಳಿ ಮಾಡುತ್ತದೆ. ಬಿಸಿ ಮಾಡಿದರೆ ನೀರು ಹೊರಬಿದ್ದು ಜೋಡಿ ಬಂಧ ಉಳಿಯುತ್ತದೆ.

ಎಥನಾಲ್, ಪ್ರೊಪನಾಲ್ ಎರಡರಲ್ಲೂ ಆ ಹೈಡ್ರೋಜನ್ ಇದೆ. ಹಾಗಾಗಿ ಎರಡೂ ದಾಳಿ ಮಾಡಬಲ್ಲವು, ಎರಡೂ ದಾಳಿಗೆ ಒಳಗಾಗಬಲ್ಲವು. ತನ್ನ ಜೊತೆಗೇ ಕೂಡಿದರೆ ಬ್ಯೂಟ್-2-ಇನಾಲ್ ಮತ್ತು 2-ಮೀಥೈಲ್‌ಪೆಂಟ್-2-ಇನಾಲ್. ಎಥನಾಲ್ ದಾಳಿಕಾರನಾದರೆ ಪೆಂಟ್-2-ಇನಾಲ್, ಪ್ರೊಪನಾಲ್ ಆದರೆ 2-ಮೀಥೈಲ್‌ಬ್ಯೂಟ್-2-ಇನಾಲ್. ನಾಲ್ಕೂ ಸುಮಾರು 104ರಿಂದ 138 ಡಿಗ್ರಿಯೊಳಗೆ ಕುದಿಯುತ್ತವೆ. ಬೇಕಾದ ಒಂದನ್ನು ಬಟ್ಟಿ ಇಳಿಸಿ ಶುದ್ಧವಾಗಿ ಪಡೆಯುವುದು ಸುಮ್ನೆ ಕೆಲಸವಲ್ಲ.

1880–81ರ ಹೊತ್ತಿಗೆ ಶ್ಮಿಟ್ ಮತ್ತು ಕ್ಲೈಸೆನ್ ಇದಕ್ಕೊಂದು ದಾರಿ ತೋರಿಸಿದರು. ಒಂದು ಕಡೆ ಆ ಹೈಡ್ರೋಜನ್ನೇ ಇರದ ಆಲ್ಡಿಹೈಡ್ ತೆಗೆದುಕೊಂಡರೆ? ಬೆಂಜಾಲ್ಡಿಹೈಡ್ ಅಂಥದ್ದು. ಅದು ದಾಳಿ ಮಾಡಲಾರದು, ಒಳಗಾಗುವುದು ಮಾತ್ರ. ಇನ್ನೊಂದು ಕಡೆಗೆ ಅಸಿಟೋನ್ ಎಂಬ ಕೀಟೋನ್ ಹಾಕಬಹುದು. ಅದು ತನ್ನ ಜೊತೆ ತಾನೇ ಕೂಡುವುದು ನಿಧಾನ, ಆದ್ದರಿಂದ ಅದು ಬೆಂಜಾಲ್ಡಿಹೈಡ್‌ ಕಡೆಗೇ ಹೋಗುತ್ತದೆ.

ಆದರೂ ಇಲ್ಲಿ ಅಳತೆ ತಪ್ಪಿದರೆ ಮಿಶ್ರಣವೇ. ಅಸಿಟೋನ್‌ನ ಎರಡೂ ಬದಿಯಲ್ಲಿ ಹೈಡ್ರೋಜನ್ ಇದೆಯಲ್ವಾ! ಅಸಿಟೋನ್ ಜಾಸ್ತಿ ಇದ್ದರೆ ಒಂದೇ ಬದಿ ಕೂಡಿ ಬೆಂಜಾಲ್ ಅಸಿಟೋನ್ ಬರುತ್ತದೆ. 2.12 ಗ್ರಾಂ ಬೆಂಜಾಲ್ಡಿಹೈಡ್‌ಗೆ 0.58 ಗ್ರಾಂ ಅಸಿಟೋನ್, ಅಂದರೆ ಎರಡಕ್ಕೆ ಒಂದು ಅಣುವಿನ ಲೆಕ್ಕದಲ್ಲಿ, ಆಲ್ಕೊಹಾಲ್ ಬೆರೆತ NaOH ದ್ರಾವಣದಲ್ಲಿ ಕಲಕಿದರೆ ಹಳದಿ ಡೈಬೆಂಜಾಲ್ ಅಸಿಟೋನ್ ಬೀಳುತ್ತದೆ. ಪೂರ್ತಿ ನಡೆದರೆ 2.34 ಗ್ರಾಂ. ಶುದ್ಧವಾಗಿದ್ದರೆ ಸುಮಾರು 110–112 ಡಿಗ್ರಿಯಲ್ಲಿ ಚಕ್ಕನೆ ಕರಗುತ್ತದೆ. ಕಡಿಮೆ ಬಿಸಿಗೇ ಮೆತ್ತಗಾಗಿ ನಿಧಾನವಾಗಿ ಕರಗಿದರೆ ಒಂದೇ ಬದಿ ಕೂಡಿದ್ದು ಒಳಗೆ ಉಳಿದಿರಬಹುದು. ಹಳೆಯ ಬಾಟಲಿಯ ಬೆಂಜಾಲ್ಡಿಹೈಡ್ ಗಾಳಿಗೆ ಬೆಂಜೊಯಿಕ್ ಆಮ್ಲವಾಗಿ ಕ್ಷಾರವನ್ನು ತಿಂದುಹಾಕುವುದೂ ಉಂಟು.

ಎರಡೂ ಕಡೆ ಹೈಡ್ರೋಜನ್ ಇರುವ ಜೋಡಿಗೆ ಉತ್ತರ ಬಂದದ್ದು ಬಹಳ ತಡವಾಗಿ. 1973ರಲ್ಲಿ ಜಪಾನಿನ ಮುಕೈಯಾಮ ದಾಳಿ ಮಾಡಬೇಕಾದ ಅಣುವನ್ನು ಮೊದಲೇ ಸಿಲಿಕಾನ್ ಕಟ್ಟಿ ಬೇರೆಯಾಗಿ ತಯಾರಿಸಿಕೊಂಡರು. ಆಮೇಲೆ ಟೈಟಾನಿಯಂ ಕ್ಲೋರೈಡ್ ಜೊತೆ ಇನ್ನೊಂದು ಅಣುವನ್ನು ಸೇರಿಸಿದರು. ಯಾರು ಯಾರ ಮೇಲೆ ಹೋಗಬೇಕು ಎಂಬುದು ಹೀಗೆ ಫ್ಲಾಸ್ಕಿಗೆ ಹಾಕುವ ಮೊದಲೇ ತೀರ್ಮಾನವಾಗುತ್ತದೆ.